ಬೇಡ, ಇಲ್ಲ, ಅಲ್ಲ: ಹೊರರಾಜ್ಯದ ಸಹೋದ್ಯೋಗಿಗಳಿಗೆ ಬಳ್ಳಾರಿಯಲ್ಲಿ ಕನ್ನಡ ಹೇಳಿಕೊಡುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಳ್ಳಾರಿ ಕಚೇರಿಗೆ ಜಾರ್ಖಂಡ್, ಒಡಿಶಾ, ಬಂಗಾಳ, ಆಂಧ್ರ, ತಮಿಳುನಾಡಿನಿಂದ ಜನ ಬರುತ್ತಾರೆ. ಹೊಸಬರು ಬಂದಾಗಲೆಲ್ಲ ಅವರಿಗಾಗಿ ನಾನು ಒಂದು ಮಾತುಕತೆ ಇಟ್ಟುಕೊಳ್ಳುತ್ತೇನೆ. ವಿಷಯ ಒಂದೇ, ಕಚೇರಿಗೂ ಸಂತೆಗೂ ಬೇಕಾಗುವಷ್ಟು ಕನ್ನಡ. ಬೇರೆ ಕಚೇರಿಗಳ ಕನ್ನಡಿಗ ಗೆಳೆಯರು ತಮ್ಮಲ್ಲೂ ಹೀಗೆ ಮಾಡಬೇಕು ಅಂತ ಕೇಳುತ್ತಿರುತ್ತಾರೆ. ಅವರು ಕೇಳಿದ್ದನ್ನೂ, ಕಲಿಯಲು ಬಂದವರು ಕೇಳಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಎಷ್ಟು ಹೊತ್ತಿನ ಮಾತುಕತೆ? ಎಷ್ಟು ಜನ ಇರಬೇಕು?

ಒಂದು ಗಂಟೆ ಸಾಕು. ಹತ್ತು-ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ, ಯಾಕೆಂದರೆ ಪ್ರತಿಯೊಬ್ಬರೂ ಬಾಯಿ ಬಿಟ್ಟು ಹೇಳಬೇಕು. ಊಟ ಆದ ಮೇಲೆ ಇಡಬೇಡಿ. ಸಂಜೆ ಚಹಾ ಹೊತ್ತಿಗೆ ಇಡಿ, ಚಹಾ ಲೋಟವೇ ಪಾಠಕ್ಕೆ ಬರುತ್ತದೆ.

ಮೊದಲು ಏನು ಕಲಿಸುತ್ತೀರಿ? ಅಕ್ಷರಮಾಲೆಯಾ, ನಮಸ್ಕಾರವಾ?

ಎರಡೂ ಅಲ್ಲ. ಐದು ಮಾತಿನಿಂದ ಶುರು ಮಾಡುತ್ತೇನೆ: ಬೇಕು, ಬೇಡ, ಐತಿ, ಇಲ್ಲ, ಅಲ್ಲ. ಇವಕ್ಕೇ ಅರ್ಧ ಗಂಟೆ ಕೊಡುತ್ತೇನೆ.

ಕಾರಣ ಇದೆ. ಹಿಂದಿ ಮಾತಾಡುವವರು 'ನಹೀಂ' ಒಂದರಲ್ಲೇ ಎಷ್ಟೋ ಕೆಲಸ ಮುಗಿಸುತ್ತಾರೆ. ಅದೇ ಜಾಗಕ್ಕೆ ಕನ್ನಡದಲ್ಲಿ ಮೂರು ಮಾತು ಇವೆ. ವಸ್ತು ಇರದಿದ್ದರೆ 'ಇಲ್ಲ'. ವಸ್ತು ಇದೆ, ಆದರೆ ಅದು ನಾವು ಹೇಳಿದ್ದಲ್ಲ ಅಂದರೆ 'ಅಲ್ಲ'. ವಸ್ತು ಇದೆ, ಅದೇ ಹೌದು, ಆದರೆ ನಮಗೆ ಅದರ ಆಸೆ ಇಲ್ಲ ಅಂದರೆ 'ಬೇಡ'. ಹುಟ್ಟಿದಾಗಿನಿಂದ ಆಡುವ ನಮಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಹೊಸಬರು ಮಾತ್ರ ಎಲ್ಲದಕ್ಕೂ 'ಇಲ್ಲ' ಹಚ್ಚುತ್ತಾರೆ. ಚಹಾ ಕೊಡಲು ಬಂದವರಿಗೆ 'ಚಹಾ ಇಲ್ಲ' ಅನ್ನುತ್ತಾರೆ. ಕೊಡುವವರು ಕೆಟಲ್ ಮುಚ್ಚಳ ತೆಗೆದು ಒಳಗೆ ನೋಡುತ್ತಾರೆ.

ನಾನು ಇದನ್ನು ಮೇಜಿನ ಮೇಲೆ ತೋರಿಸುತ್ತೇನೆ. ಒಂದು ಬೀಗದ ಕೈ, ಒಂದು ಟಮಾಟಿ, ಒಂದು ಲೋಟ ಚಹಾ ಇಡುತ್ತೇನೆ. ಟಮಾಟಿ ತೋರಿಸಿ 'ಇದು ಬೀಗದ ಕೈ ಏನ್ರಿ?' ಅಂತ ಕೇಳುತ್ತೇನೆ. ಉತ್ತರ 'ಅಲ್ರಿ'. ಬೀಗದ ಕೈ ಜೇಬಿಗೆ ಹಾಕಿಕೊಂಡು, ಮೇಜು ತೋರಿಸಿ 'ಬೀಗದ ಕೈ ಐತೇನ್ರಿ?' ಅಂತ ಕೇಳುತ್ತೇನೆ. ಉತ್ತರ 'ಇಲ್ರಿ'. ಲೋಟ ಮುಂದೆ ಹಿಡಿದು 'ಚಹಾ ಬೇಕೇನ್ರಿ?' ಅಂದರೆ 'ಬೇಕ್ರಿ' ಇಲ್ಲವೇ 'ಬ್ಯಾಡ್ರಿ'. ಮೂರು ಸುತ್ತು ಆಗುವಷ್ಟರಲ್ಲಿ ಜನ ತಾವೇ ವಸ್ತು ಎತ್ತಿ ಪಕ್ಕದವರನ್ನು ಕೇಳಲು ಶುರು ಮಾಡುತ್ತಾರೆ.

ಕೆಲವರಿಗೆ ಅವರ ಭಾಷೆಯಲ್ಲೇ ಇದಕ್ಕೆ ದಾರಿ ಇರುತ್ತದೆ. ತೆಲುಗಿನವರಿಗೆ ಲೇದು, ಕಾದು, ವದ್ದು. ತಮಿಳಿನವರಿಗೆ ಇಲ್ಲೈ, ಅಲ್ಲ, ವೇಂಡಾಂ. ಇಬ್ಬರೂ ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ. ಬಂಗಾಳಿಯವರಿಗೂ 'ನೇಯಿ' ಬೇರೆ, 'ನಯ್' ಬೇರೆ. ಇಲ್ಲ ಅಂದರೆ ನೇಯಿ, ಅಲ್ಲ ಅಂದರೆ ನಯ್ ಅಂತ ಹೇಳಿದ ಕೂಡಲೇ ಅವರ ಮುಖ ಅರಳುತ್ತದೆ. ಯಾರ ಭಾಷೆಯಲ್ಲಿ ಏನಿದೆ ಅಂತ ಅವರನ್ನೇ ಕೇಳಿ. ಸಿಕ್ಕಿದರೆ ಅದರ ಮೇಲೇ ಕಟ್ಟಿ.

'ನಾನು ಟಮಾಟಿ ಬೇಕು' ಅನ್ನುತ್ತಾರಲ್ಲ, ಅದನ್ನು ತಿದ್ದುವುದು ಹೇಗೆ?

'ನಾನು ಬೇಕು' ಅಂದರೆ ಬೇಕಾದವರು ನಾವೇ ಆಗಿಬಿಡುತ್ತೇವೆ. ವ್ಯಾಕರಣ ಹೇಳಲು ಹೋಗಬೇಡಿ. ಹಿಂದಿಯವರಿಗೆ 'ಮೈಂ ಚಾಹಿಯೇ ಅಂತೀರಾ, ಮುಝೇ ಚಾಹಿಯೇ ಅಂತೀರಾ?' ಅಂತ ಕೇಳಿ. 'ಮುಝೇ' ಅನ್ನುತ್ತಾರೆ. ಆ 'ಮುಝೇ'ನೇ ನಮ್ಮ 'ನನಗೆ'. ನನಗೆ ಬೇಕು, ನನಗೆ ಬೇಡ, ನನಗೆ ಗೊತ್ತಿಲ್ಲ, ನನಗೆ ಕನ್ನಡ ಸ್ವಲ್ಪ ಬರ್ತದ. ನಾಲ್ಕನ್ನೂ ಒಟ್ಟಿಗೆ ಹೇಳಿಸಿ. ಅಂಗಡಿಯಲ್ಲಿ 'ನನಗೆ' ಬಿಟ್ಟರೂ ನಡೆಯುತ್ತದೆ. 'ಟಮಾಟಿ ಬೇಕ್ರಿ' ಅಂದರೆ ಸಾಕು. ನಾವೂ ಹಾಗೇ ಅನ್ನುವುದು, ಅಲ್ವಾ?

'ಇದೆ' ಅಂತ ಕಲಿಸಬೇಕಾ, 'ಐತಿ' ಅಂತಾ? ಪುಸ್ತಕದಲ್ಲಿ ಬೇರೆ ಇರುತ್ತದಲ್ಲ?

ಕಿವಿಗೆ 'ಐತಿ', ಬಾಯಿಗೆ ಎರಡರಲ್ಲಿ ಯಾವುದಾದರೂ. ನಾನು ಹೀಗೇ ಹೇಳುತ್ತೇನೆ. ಹೊಸಬರು 'ಇದೆ' ಅಂದರೆ ಬಳ್ಳಾರಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆದರೆ ತರಕಾರಿ ಮಾರುವ ಅಮ್ಮ 'ಐತಿ' ಅಂದಾಗ ಅವರಿಗೆ ತಿಳಿಯದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕೊಪ್ಪಳದಲ್ಲೂ 'ಐತಿ'. ರಾಯಚೂರಿನ ಕಡೆ ಹೋದರೆ 'ಅದ' ಕೂಡ ಕೇಳುತ್ತದೆ. ಮೂರೂ ಒಂದೇ ಅಂತ ಹಲಗೆಯ ಮೇಲೆ ಸಾಲಾಗಿ ಬರೆದುಬಿಡಿ.

ತರಕಾರಿ ಹೆಸರಲ್ಲಿ ಇದು ಇನ್ನೂ ಮುಖ್ಯ. ಮೊಬೈಲಿನಲ್ಲಿ ನೋಡಿಕೊಂಡು ಬಂದವರು 'ಈರುಳ್ಳಿ', 'ಬೆಳ್ಳುಳ್ಳಿ' ಅನ್ನುತ್ತಾರೆ. ಇಲ್ಲಿ ಕೇಳಿಬರುವುದು ಉಳ್ಳಾಗಡ್ಡಿ, ಬಳ್ಳೊಳ್ಳಿ. ನಾನು ಉಳ್ಳಾಗಡ್ಡಿಯನ್ನೇ ಮೊದಲು ಹೇಳಿಕೊಡುತ್ತೇನೆ.

ನಮ್ಮ ಮೂರು ಜಿಲ್ಲೆಗಳ ಮಾತು ಒಂದೇ ಬಣ್ಣದ್ದಲ್ಲ ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬಳ್ಳಾರಿ ಮೊದಲು ಮದ್ರಾಸಿನ ಆಡಳಿತದಲ್ಲಿತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಹೊತ್ತಿಗೆ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ರಾಯಚೂರು, ಕೊಪ್ಪಳದ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು, ಬಂದದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಬಳ್ಳಾರಿಯ ಮಾತಿನಲ್ಲಿ ತೆಲುಗು ಸುಳಿಯುತ್ತದೆ, ರಾಯಚೂರಿನ ಮಾತಿನಲ್ಲಿ ಉರ್ದುವಿನ ಶಬ್ದ ಜಾಸ್ತಿ. ಹೊರಗಿನಿಂದ ಬಂದವರಿಗೆ ಇದು ಧೈರ್ಯ ಕೊಡುವ ವಿಷಯ. ಇಲ್ಲಿಯ ಕಿವಿಗಳಿಗೆ ನಾಲ್ಕಾರು ಬಗೆಯ ಕನ್ನಡ ಮೊದಲೇ ರೂಢಿ ಇದೆ.

ಈ 'ರಿ' ಅಂದರೆ ಏನು? ಎಲ್ಲಿ ಹಚ್ಚಬೇಕು?

ಹಿಂದಿಯ 'ಜೀ' ಇದ್ದ ಹಾಗೆ, ಆದರೆ ಹೆಸರಿಗಿಂತ ಮಾತಿನ ಬಾಲಕ್ಕೆ ಜಾಸ್ತಿ ಅಂಟುತ್ತದೆ. ಹೌದು, ಹೌದ್ರಿ. ಇಲ್ಲ, ಇಲ್ರಿ. ಎಷ್ಟು, ಎಷ್ಟ್ರಿ. ಬಾ, ಬರ್ರಿ. ಕೊಡು, ಕೊಡ್ರಿ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ. ಗೆಳೆಯರ ಬಾಯಲ್ಲಿ 'ಬಾ', 'ಕೊಡು', 'ಹೇಳು' ಕೇಳಿ, ಅದನ್ನೇ ಹಿರಿಯರ ಮುಂದೆ ಆಡುತ್ತಾರೆ. ತಿಂಗಳ ಹಿಂದೆ ಬಂದ ಹುಡುಗ ಅರವತ್ತು ದಾಟಿದವರಿಗೆ 'ಏ, ಇದು ಕೊಡು' ಅಂದರೆ ಕೇಳುವವರಿಗೆ ಚುಚ್ಚುತ್ತದೆ. ಅವನ ಮನಸ್ಸಿನಲ್ಲಿ ಅಂಥದ್ದು ಏನೂ ಇರುವುದಿಲ್ಲ.

ಆದ್ದರಿಂದ ನನ್ನ ನಿಯಮ ಗಟ್ಟಿ. ಕೊಡು, ಬಾ, ಹೇಳು ಅನ್ನುವ ರೂಪಗಳನ್ನು ನಾನು ಮೊದಲ ದಿನ ಕಲಿಸುವುದೇ ಇಲ್ಲ. ಕೊಡ್ರಿ, ಬರ್ರಿ, ಹೇಳ್ರಿ, ತಗೋರಿ, ಕುಂದರ್ರಿ, ಇವಷ್ಟೇ. ಚಿಕ್ಕವರಿಗೆ 'ರಿ' ಹಚ್ಚಿ ಮಾತಾಡಿದರೆ ಯಾರಿಗೂ ನೋವಾಗುವುದಿಲ್ಲ. ದೊಡ್ಡವರಿಗೆ ಹಚ್ಚದಿದ್ದರೆ ಆಗುತ್ತದೆ.

ಕರೆಯುವುದಕ್ಕೆ ಅಣ್ಣ, ಅಕ್ಕ, ಅಮ್ಮ ಮೂರು ಸಾಕು. ಆಟೋದವರು ಅಣ್ಣ, ತರಕಾರಿಯವರು ಅಕ್ಕ ಇಲ್ಲವೇ ಅಮ್ಮ. ಕಚೇರಿಯಲ್ಲಿ ಸರ್, ಮೇಡಂ ಹೇಗೂ ಇವೆ. ಎದ್ದು ಹೊರಡುವಾಗ 'ಹೋಗ್ತೀನಿ' ಬೇಡ, 'ಬರ್ತೀನ್ರಿ' ಅನ್ನಲಿ. ಹೋಗುತ್ತಿದ್ದರೂ ಬರ್ತೀನಿ ಅನ್ನುವುದು ಯಾಕೆ ಅಂತ ಬೆರಗಿನಿಂದ ಕೇಳುತ್ತಾರೆ. ತಮಿಳಿನವರಿಗೆ ಮಾತ್ರ ಬೆರಗಿಲ್ಲ, ಅವರಲ್ಲೂ 'ಪೋಯಿಟ್ಟು ವರೇನ್' ಇದೆ.

ಸಂತೆಯ ಮಾತುಕತೆ ಒಂದನ್ನು ಪೂರ್ತಿ ತೋರಿಸಿ.

ಇದನ್ನು ಇಬ್ಬಿಬ್ಬರಂತೆ ನಿಲ್ಲಿಸಿ ಆಡಿಸುತ್ತೇನೆ. ಒಬ್ಬರು ಮಾರುವವರು, ಒಬ್ಬರು ಕೊಳ್ಳುವವರು.

— ಅಕ್ಕಾ, ಟಮಾಟಿ ಎಷ್ಟ್ರಿ?
— ನಲವತ್ ರುಪಾಯಿ ಕಿಲೋ.
— ಅರ್ಧ ಕಿಲೋ ಕೊಡ್ರಿ.
— ಬದನಿಕಾಯಿ ಬೇಕೇನ್ರಿ? ಚಲೋ ಅದಾವ.
— ಬ್ಯಾಡ್ರಿ. ಉಳ್ಳಾಗಡ್ಡಿ ಐತೇನ್ರಿ?
— ಐತಿ. ಮೂವತ್ ರುಪಾಯಿ. ಎಷ್ಟು ಹಾಕ್ಲಿ?
— ಒಂದು ಕಿಲೋ. ಅದಲ್ರಿ, ಈ ಕಡೆದು.
— ಆತು.
— ಎಲ್ಲಾ ಸೇರಿ ಎಷ್ಟಾತ್ರಿ?
— ಐವತ್ತು. ನೂರರ ನೋಟಾ? ಚಿಲ್ಲರ ಇಲ್ರಿ.
— ನನ್ನ ಹತ್ರ ಐತ್ರಿ. ತಗೋರಿ.

ಗಮನಿಸಿ, ಮೊದಲ ಅರ್ಧ ಗಂಟೆಯ ಐದೂ ಮಾತು ಇಲ್ಲಿ ಬಂದು ಹೋದವು. ಎರಡನೇ ಸಲ ಆಡಿಸುವಾಗ ಮಾರುವವರು ಬೇಕಂತಲೇ ಬೇರೆ ರಾಶಿಗೆ ಕೈ ಹಾಕಬೇಕು. ಆಗ 'ಅದಲ್ರಿ' ತಾನಾಗೇ ಬಾಯಿಗೆ ಬರುತ್ತದೆ. ಕಾಲು ಕಿಲೋ ಬೇಕಿದ್ದರೆ ಇಲ್ಲಿ 'ಪಾವ್ ಕಿಲೋ' ಅಂದರೆ ತಿಳಿಯುತ್ತದೆ. ಹಿಂದಿಯವರಿಗೆ ಅದು ಗೊತ್ತಿದ್ದ ಶಬ್ದವೇ.

ಅಂಕಿ ಎಲ್ಲಿಯವರೆಗೆ ಕಲಿಸಬೇಕು?

ಒಂದರಿಂದ ಹತ್ತು, ಆಮೇಲೆ ಬರೀ ಹತ್ತುಗಳು: ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು, ನೂರು. ಇಪ್ಪತ್ತು ದಾಟಿದ ಮೇಲೆ ನಡುವಿನವು ಜೋಡಿಸಿದರೆ ಬರುತ್ತವೆ. ಇಪ್ಪತ್ತಕ್ಕೆ ಐದು ಸೇರಿಸಿದರೆ ಇಪ್ಪತ್ತೈದು. ಹಿಂದಿಯಲ್ಲಿ ನೂರರವರೆಗೆ ಹೆಚ್ಚುಕಡಿಮೆ ಪ್ರತಿ ಅಂಕಿಯನ್ನೂ ಬೇರೆಯಾಗಿ ಬಾಯಿಪಾಠ ಮಾಡಬೇಕು. ಕನ್ನಡದ ಅಂಕಿ ಅದಕ್ಕಿಂತ ಸುಲಭ ಅಂತ ಹೇಳಿದರೆ ಎಲ್ಲರೂ ನೆಟ್ಟಗೆ ಕೂಡುತ್ತಾರೆ.

ಒಂದು ಕಡೆ ಮಾತ್ರ ಜೋಪಾನ. ಮೂರು, ಆರು, ನೂರು ಒಂದೇ ಪ್ರಾಸದ ಮಾತುಗಳು. ಗದ್ದಲದಲ್ಲಿ ಮೂರು ನೂರಾಗಿ ಕೇಳುತ್ತದೆ. ಅಂಕಿ ಹೇಳುವಾಗ ಬೆರಳನ್ನೂ ತೋರಿಸಲಿ.

ಕಚೇರಿಯಲ್ಲಿ ಯಾವ ಮಾತು ಹೆಚ್ಚು ತೊಂದರೆ ಕೊಡುತ್ತದೆ?

'ಆಗಿಲ್ಲ' ಮತ್ತು 'ಆಗಲ್ಲ'. ಇದಕ್ಕೆ ನಾನು ಪೂರ್ತಿ ಹತ್ತು ನಿಮಿಷ ತೆಗೆದಿಡುತ್ತೇನೆ, ಯಾಕೆಂದರೆ ಇದರಿಂದ ಆದದ್ದನ್ನು ಕಣ್ಣಾರೆ ನೋಡಿದ್ದೇನೆ.

ಹಿಂದೆ ನಾನಿದ್ದ ಕಚೇರಿಗೆ ಒಬ್ಬ ರೈತರು ಬಂದಿದ್ದರು. ಅವರ ಅರ್ಜಿಗೆ ಮೇಲಿನವರ ಸಹಿ ಬೀಳಬೇಕಿತ್ತು. ಕಿಟಕಿಯಲ್ಲಿ ಕೂತಿದ್ದವನು ಜಾರ್ಖಂಡ್‌ನಿಂದ ಬಂದು ಎರಡು ತಿಂಗಳಾದ ಹುಡುಗ. ಕನ್ನಡದಲ್ಲೇ ಹೇಳಬೇಕು ಅಂತ ಮನಸ್ಸು ಮಾಡಿದ್ದ. ಸಹಿ ಇನ್ನೂ ಆಗಿಲ್ಲ, ನಾಳೆ ಬನ್ನಿ ಅನ್ನುವುದು ಅವನ ಉದ್ದೇಶ. ಬಾಯಿಂದ ಬಂದದ್ದು 'ಸರ್, ಆಗಲ್ಲ'. ರೈತರು ಮಾತಿಲ್ಲದೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲು ಇಳಿದುಬಿಟ್ಟರು. ನಾನು ಪಕ್ಕದ ಮೇಜಿನಲ್ಲಿದ್ದೆ. ಓಡಿ ಹೋಗಿ ಕರೆದುಕೊಂಡು ಬಂದು 'ಆಗ್ತದ್ರಿ, ಇನ್ನೂ ಆಗಿಲ್ಲ ಅಷ್ಟೇ, ನಾಳೆ ಬರ್ರಿ' ಅಂದೆ. 'ಆಗಂಗಿಲ್ಲ ಅಂದ್ರಲ್ರಿ' ಅಂದರು. ಆ ಹುಡುಗನ ಕಣ್ಣಲ್ಲಿ ನೀರು ಬಂತು. ಅವತ್ತೇ ಈ ಮಾತುಕತೆ ಇಡಬೇಕು ಅಂತ ನನಗೆ ಅನ್ನಿಸಿದ್ದು.

'ಆಗಿಲ್ಲ' ಅಂದರೆ ಈವರೆಗೆ ಆಗಿಲ್ಲ, ಮುಂದೆ ಆಗಬಹುದು. 'ಆಗಲ್ಲ' ಅಂದರೆ ಬಾಗಿಲು ಮುಚ್ಚಿತು. ನಮ್ಮ ಕಡೆ 'ಆಗಂಗಿಲ್ಲ' ಅಂತಲೂ ಅನ್ನುತ್ತೇವೆ. ನಡುವೆ ಇರುವುದು ಒಂದು ಇಕಾರ ಮಾತ್ರ. ಬೇರೆ ಕಡೆಗಳಲ್ಲೂ ಇದೇ ಕಥೆ: ಬಂದಿಲ್ಲ, ಬರಲ್ಲ, ಕೊಟ್ಟಿಲ್ಲ, ಕೊಡಲ್ಲ.

ಇದಕ್ಕೆ ನಾನು ಕಂಡುಕೊಂಡ ಕಾವಲು 'ಇನ್ನೂ' ಅನ್ನುವ ಮಾತು. 'ಇನ್ನೂ' ಮೊದಲು ಹೇಳಿ, ಆಮೇಲೆ ಮುಂದಿನದು. 'ಇನ್ನೂ...' ಅಂತ ಕೇಳಿದ ಮೇಲೆ ಅದರ ಹಿಂದೆ 'ಆಗಿಲ್ಲ', 'ಆಗಲ್ಲ' ಏನು ಬಂದರೂ ಎದುರಿನವರು ಬೇಗ ಹೆದರುವುದಿಲ್ಲ. ಕೊನೆಗೆ 'ನಾಳೆ ಬರ್ರಿ' ಸೇರಿಸಿದರೆ ಅನುಮಾನಕ್ಕೆ ಜಾಗವೇ ಇಲ್ಲ. 'ಇನ್ನೂ ಆಗಿಲ್ರಿ, ನಾಳೆ ಬರ್ರಿ.' ಇದನ್ನು ಒಂದೇ ಉಸಿರಿನಲ್ಲಿ ಬರುವ ತನಕ ಹೇಳಿಸುತ್ತೇನೆ.

ಉಳಿದ ಕಚೇರಿ ಮಾತು ಹಗುರ. 'ಸಾಹೇಬ್ರು ಅದಾರೇನ್ರಿ?' 'ಇಲ್ಲಿ ಸಹಿ ಮಾಡ್ರಿ.' 'ಒಂದ್ನಿಮಿಷ ಕುಂದರ್ರಿ.' 'ಊಟ ಆತೇನ್ರಿ?' ಕೊನೆಯದಕ್ಕೆ ಏನು ತಿಂದಿರಿ ಅಂತ ವಿವರ ಬೇಕಿಲ್ಲ, 'ಆತ್ರಿ, ನಿಮ್ದು?' ಅಂದರೆ ಮುಗೀತು.

ಉಚ್ಚಾರಣೆಯಲ್ಲಿ ಎಲ್ಲಿ ಎಚ್ಚರ ಬೇಕು?

'ಳ'. ಹಿಂದಿ, ಬಂಗಾಳಿ ಮಾತಾಡುವವರ ನಾಲಿಗೆಗೆ ಈ ಸದ್ದಿನ ರೂಢಿ ಇಲ್ಲ. ಒಡಿಯಾ, ಮರಾಠಿ, ತೆಲುಗು, ತಮಿಳಿನವರಿಗೆ ಇದೆ. 'ಹೇಳ್ರಿ' ಅನ್ನುವಲ್ಲಿ ಳ ಜಾಗಕ್ಕೆ ಲ ಬಂದರೆ ಅದು ಹೊಲಸು ಮಾತಾಗುತ್ತದೆ. ಇದನ್ನು ಮುಚ್ಚಿಡಬೇಡಿ, ಮೊದಲೇ ನೇರವಾಗಿ ಹೇಳಿಬಿಡಿ. ಆಮೇಲೆ ಬೀದಿಯಲ್ಲಿ ಯಾರೋ ನಕ್ಕು ಅವರು ಮಾತೇ ಬಿಡುವುದಕ್ಕಿಂತ ಅದು ಒಳ್ಳೆಯದು.

ಅಭ್ಯಾಸ ಹೀಗೆ: 'ಡ' ಅನ್ನಲು ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗುಳಿಗೆ ಮುಟ್ಟಿಸಿ. ನಾಲಿಗೆಯನ್ನು ಅಲ್ಲೇ ಇಟ್ಟುಕೊಂಡು 'ಲ' ಅನ್ನಲು ನೋಡಿ. ಹೊರಬರುವುದೇ 'ಳ'. ಹೇಳ್ರಿ, ನಾಳೆ, ಬಳ್ಳಾರಿ, ಕೊಪ್ಪಳ. ನಾವಿರುವ ಊರಿನ ಹೆಸರಲ್ಲೇ ಅಭ್ಯಾಸ ಸಿಗುತ್ತದೆ. ವಾರ ಕಳೆದರೂ ಬರದಿದ್ದರೆ 'ಹೇಳ್ರಿ' ಬದಲು 'ಏನ್ರಿ?' ಅನ್ನಲಿ. ಕೆಲಸ ನಡೆಯುತ್ತದೆ.

ಅವರು ಬರೆದುಕೊಳ್ಳುವುದು ಯಾವ ಲಿಪಿಯಲ್ಲಿ?

ಅವರವರ ಲಿಪಿಯಲ್ಲೇ. ಆದರೆ ಹಿಂದಿ ಬರೆಯುವ ರೀತಿಯಲ್ಲಿ ಎ-ಏ, ಒ-ಓ ಅಂತ ಗಿಡ್ಡ-ಉದ್ದ ಬೇರೆ ಮಾಡುವ ರೂಢಿ ಇಲ್ಲ. ಬಂಗಾಳಿ, ಒಡಿಯಾದಲ್ಲೂ ಹಾಗೇ. ಹಾಗಾಗಿ 'ಕೊಡಿ' ಅಂತ ಬರೆದುಕೊಂಡು ಮನೆಗೆ ಹೋಗಿ ಓದಿದರೆ 'ಕೋಡಿ' ಆಗಿರುತ್ತದೆ. ಎಳೆದು ಹೇಳಬೇಕಾದಲ್ಲಿ ಅಕ್ಷರದ ಮೇಲೆ ಒಂದು ಅಡ್ಡಗೆರೆ ಹಾಕಿಕೊಳ್ಳಲು ಹೇಳಿ. ತೆಲುಗಿನವರಿಗೆ ಈ ತೊಂದರೆ ಇಲ್ಲ. ಅವರ ಲಿಪಿ ನಮ್ಮದಕ್ಕೆ ಎಷ್ಟು ಹತ್ತಿರ ಅಂದರೆ ಅಂಗಡಿಯ ಬೋರ್ಡನ್ನು ಅವತ್ತೇ ಓದಲು ಶುರು ಮಾಡುತ್ತಾರೆ.

ಅವರು ಕನ್ನಡದಲ್ಲಿ ಕೇಳಿದರೂ ನಮ್ಮವರು ಹಿಂದಿಯಲ್ಲೋ ತೆಲುಗಿನಲ್ಲೋ ಉತ್ತರ ಕೊಡುತ್ತಾರೆ. ಏನು ಮಾಡುವುದು?

ಬಳ್ಳಾರಿಯಲ್ಲಿ ಇದು ದಿನಾ ಆಗುತ್ತದೆ. ನಮ್ಮವರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಪಾಪ ಕಷ್ಟಪಡುತ್ತಿದ್ದಾರೆ ಅಂತ. ಆದರೆ ಅಲ್ಲಿಗೆ ಅವರ ಕಲಿಕೆ ನಿಂತಿತು. ಕಲಿಯುವವರಿಗೆ ನಾನು ಒಂದು ಮಾತು ಕಟ್ಟಿ ಕೊಡುತ್ತೇನೆ: 'ಕನ್ನಡದಾಗ ಹೇಳ್ರಿ, ಕಲಿಯಾಕ ಹತ್ತೀನಿ.' ಇದನ್ನು ಕೇಳಿದ ಮೇಲೆ ಹಿಂದಿಗೆ ಹೋದವರನ್ನು ನಾನು ಈವರೆಗೆ ನೋಡಿಲ್ಲ. ಮಾತು ನಿಧಾನ ಮಾಡುತ್ತಾರೆ, ಕೆಲವರು ಎರಡೆರಡು ಸಲ ಹೇಳುತ್ತಾರೆ.

ಕಚೇರಿಯ ಕನ್ನಡಿಗರಿಗೂ ಒಂದು ಕೋರಿಕೆ. ತಪ್ಪು ಹೇಳಿದಾಗ ತಡೆದು ತಿದ್ದಬೇಡಿ. 'ಚಹಾ ಇಲ್ಲ' ಅಂದರೆ 'ಓ, ಚಹಾ ಬ್ಯಾಡೇನ್ರಿ? ಆತು' ಅಂತ ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲೇ ಸೇರಿಸಿ. ಅವರಿಗೆ ಅದು ಕೇಳಿಸುತ್ತದೆ. ಮರುದಿನ ತಾವೇ 'ಬ್ಯಾಡ್ರಿ' ಅನ್ನುತ್ತಾರೆ.

ಮಾತುಕತೆ ಮುಗಿದ ಮೇಲೆ ಮನೆಗೆಲಸ ಕೊಡುತ್ತೀರಾ?

ಒಂದೇ ಒಂದು. ಅವತ್ತು ಸಂಜೆ ಒಬ್ಬರೇ ಹೋಗಿ ಪಾವ್ ಕಿಲೋ ಏನಾದರೂ ತರಬೇಕು, ಕನ್ನಡದಲ್ಲೇ ಕೇಳಿ. ಮರುದಿನ ಚಹಾ ಹೊತ್ತಿಗೆ ಏನು ತಂದರು, ಎಷ್ಟು ಕೊಟ್ಟರು, ಎಲ್ಲಿ ತಡವರಿಸಿದರು ಹೇಳಬೇಕು. ಕಿಟಕಿಯಲ್ಲಿದ್ದ ಆ ಜಾರ್ಖಂಡ್ ಹುಡುಗ ತಂದದ್ದು ಹಸಿಮೆಣಸಿನಕಾಯಿ. ಹೆಸರು ಅವನಿಗೆ ಉದ್ದವಾಗಿತ್ತು, ಮೂರು ತುಂಡು ಮಾಡಿ ಹೇಳಿದನಂತೆ. ಮಾರುವ ಅಮ್ಮ ಪೂರ್ತಿ ಹೇಳುವ ತನಕ ಕಾದು, ತೂಕ ಮಾಡಿ, ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕಿ ಕೊಟ್ಟರಂತೆ.